ಅಪ್‌ಡೇಟ್: ಗೋಪುರದ ಎತ್ತರ ಸ್ಥಿರವಾಗಿ ಸಿಕ್ಕಿತು

ನನ್ನ ಪ್ರಶ್ನೆ: “5 ಮೀಟರ್ ಅಂತರದ ಎರಡು ಬಿಂದುಗಳಿಂದ ಉನ್ನತ ಕೋನ ಅಳೆದರೆ ಎತ್ತರ ಒಮ್ಮೆ 26, ಒಮ್ಮೆ 33 ಮೀಟರ್ ಬರುತ್ತಿದೆ, ಏಕೆ?”

ಬಿಂದುಗಳ ಅಂತರವನ್ನು ಹೆಚ್ಚಿಸಿ ಎಂದವರ ಸಲಹೆಯೇ ಫಲಿಸಿತು, ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಹತ್ತಿರದ ಕೋನ 45° ಇದ್ದಾಗ ದೂರದ್ದನ್ನು 40° ಎಂದು ಓದಿದರೆ 26, 41° ಎಂದು ಓದಿದರೆ 33 ಮೀಟರ್ ಬರುತ್ತಿತ್ತು. ಏಕೆಂದರೆ ಸೂತ್ರದ ಛೇದದಲ್ಲಿರುವ ವ್ಯತ್ಯಾಸ ತೀರಾ ಚಿಕ್ಕದಾಗಿತ್ತು. ಇಲ್ಲಿ h ಎಂದರೆ ಎತ್ತರ, d ಎಂದರೆ ಬಿಂದುಗಳ ಅಂತರ, α ದೂರದ ಕೋನ, β ಹತ್ತಿರದ ಕೋನ.

```
h = d / (cot α − cot β)
```

ಹತ್ತಿರದ ಬಿಂದುವಿನಿಂದ ಅದೇ ನೇರದಲ್ಲಿ 20 ಮೀಟರ್ ಹಿಂದೆ ಸರಿದಾಗ ದೂರದ ಕೋನ 31° ಆಯಿತು, ಎತ್ತರ 30.1 ಮೀಟರ್ ಬಂದಿತು. ಈಗ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಸುಮಾರು ಒಂದೂವರೆ ಮೀಟರ್ ಮಾತ್ರ ಬದಲಾಗುತ್ತದೆ.

ಹಲವು ಬಾರಿ ಅಳೆದು ಸರಾಸರಿ ತೆಗೆಯುವ ಸಲಹೆ ನೆರವಾಗಲಿಲ್ಲ. ನನ್ನ ಕೋನಮಾಪಕದ ತೂಗುದಾರ ಪ್ರತಿ ಬಾರಿಯೂ ಒಂದೇ ಕಡೆಗೆ ವಾಲುತ್ತಿತ್ತು. ನಾನು ಗಮನಿಸಿಯೇ ಇರದ ಸಂಗತಿಯೆಂದರೆ, ಸೂತ್ರ ಕೊಡುವುದು ಕಣ್ಣಿನ ಮಟ್ಟದಿಂದ ಮೇಲಿನ ಎತ್ತರವನ್ನು. ನನ್ನ ಕಣ್ಣಿನ ಎತ್ತರವಾದ 1.5 ಮೀಟರ್ ಸೇರಿಸಿದಾಗ ಗೋಪುರ 31.6 ಮೀಟರ್ ಆಯಿತು.