ಟ್ಯಾರೋ ಲವ್ ಸ್ಪ್ರೆಡ್‌ನಲ್ಲಿ 7ಕ್ಕೆ 4 ಮೇಜರ್ ಬಂದಿವೆ, ನನ್ನ ಕೈಯಲ್ಲಿ ಏನೂ ಇಲ್ವಾ?

ಕೇಳಿದವರು: ನವನಗರ ಹುಡುಗಿ
ಮೂರು ವರ್ಷದ ಪ್ರೀತಿ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಾನೇ 7 ಕಾರ್ಡ್ ಹಾಕಿದೆ. ನಾನು: ಟು ಆಫ್ ಸ್ವೋರ್ಡ್ಸ್. ಅವನು: ಫೋರ್ ಆಫ್ ಪೆಂಟಕಲ್ಸ್. ನಮ್ಮ ನಂಟು: ಲವರ್ಸ್. ಅಡ್ಡಿ: ಹೈರೋಫೆಂಟ್. ಹೊರಗಿನವರು: ಟವರ್. ನಾನು ಮಾಡಬಹುದಾದ್ದು: ಏಟ್ ಆಫ್ ಸ್ವೋರ್ಡ್ಸ್. ಮುಂದೇನು: ವೀಲ್ ಆಫ್ ಫಾರ್ಚೂನ್. ಲವರ್ಸ್, ಹೈರೋಫೆಂಟ್, ಟವರ್, ವೀಲ್ ನಾಲ್ಕೂ ಮೇಜರ್, ಅಂದರೆ ದೊಡ್ಡ ಎಲೆಗಳು. ಮೇಜರ್ ಜಾಸ್ತಿ ಇದ್ದರೆ ವಿಷಯ ನಮ್ಮ ಕೈ ಮೀರಿದೆ ಅಂತಾರೆ. ಕಪ್ಸ್ ಅಂತೂ ಒಂದೂ ಇಲ್ಲ. ಎಣಿಕೆ ನಂಬಿ ನಡೆದವರು ಅನುಭವ ಹೇಳಿ.

ಗದಗಿನವಳು
ಈ ಎಣಿಕೆ ನಂಬಿ ನಾನು 14 ತಿಂಗಳು ಕಳೆದುಕೊಂಡೆ. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಹೋಗಿದ್ದೆ. ಒಂದು ಸಲಕ್ಕೆ 1,200 ರೂಪಾಯಿ, ಮೂರು ಸಲ ಹೋದೆ, ಒಟ್ಟು 3,600. ಮೇಲೆ ಬಸ್ ಚಾರ್ಜು, ಮೂರು ದಿನದ ಪಗಾರ. ಅಂಗಡಿಯಲ್ಲಿ ರಜೆ ಹಾಕಿದರೆ ಪಗಾರ ಕೊಡುವುದಿಲ್ಲ.

ಮೊದಲನೇ ಸಲ 10 ಕಾರ್ಡ್ ಹಾಕಿದರು. 6 ಮೇಜರ್ ಬಂದವು. ಅವರು ಬೆರಳು ಮಡಚಿ ಮಡಚಿ ಎಣಿಸಿದರು. "ಇದರಲ್ಲಿ ನಿನ್ನದೇನೂ ನಡೆಯುವುದಿಲ್ಲ ತಂಗಿ, ಆಗುವುದು ಆಗಿಯೇ ಆಗುತ್ತದೆ, ನೀನು ಸುಮ್ನಿರು" ಅಂದರು. ಸುಮ್ಮನಿದ್ದೆ. ಅವನು ಎರಡು ಸಲ ಫೋನ್ ಮಾಡಿ "ನಿಮ್ಮ ಮನೆಗೆ ಬರಲಾ" ಅಂತ ಕೇಳಿದ. "ಇನ್ನೂ ಟೈಮ್ ಬಂದಿಲ್ಲ" ಅಂದೆ. ಮೂರನೇ ಸಲ ಅವನು ಕೇಳಲಿಲ್ಲ. ಅವನ ಮದುವೆ ಕಾರ್ಡನ್ನು ನಮ್ಮ ಓಣಿಯವರೇ ತಂದು ತೋರಿಸಿದರು.

ಎಣಿಸಬೇಡ. ನನ್ನ ಮಾತು ಅಷ್ಟೇ.

ಏಲಕ್ಕಿ ಹಾವೇರಿ
ಎಣಿಕೆಯಿಂದಲೇ ನನ್ನ ಮದುವೆ ಆಯಿತು. ಹಾಗಾಗಿ ಅಕ್ಕ ಹೇಳಿದ್ದನ್ನು ಒಪ್ಪುವುದಿಲ್ಲ. ನನ್ನದು 5 ಕಾರ್ಡ್. ವ್ಯಾಂಡ್ಸ್ 3, ಕಪ್ಸ್ 1, ಮೇಜರ್ ಒಂದೇ, ಅದೂ ಸನ್. ವ್ಯಾಂಡ್ಸ್ ಅಂದರೆ ಬೆಂಕಿ, ಎದ್ದು ಹೋಗು ಅಂತ ಅರ್ಥ. ಮರುದಿನ ಬೆಳಿಗ್ಗೆಯೇ ಬೈಕ್ ಹತ್ತಿ ರಾಣೆಬೆನ್ನೂರಿಗೆ ಹೋದೆ. ಅವಳ ಅಪ್ಪ ಮೂರು ತಾಸು ಹೊರಗೆ ಕೂರಿಸಿದರು, ಒಂದು ಲೋಟ ನೀರೂ ಕೊಡಲಿಲ್ಲ. ನಾಲ್ಕನೇ ಸಲ ಹೋದಾಗ ಒಳಗೆ ಕರೆದರು. ಎರಡು ತೊಲ ಬಂಗಾರ ನಾವೇ ಹಾಕಿದೆವು, ಅದರ ಸಾಲ ಮೊನ್ನೆಯಷ್ಟೇ ತೀರಿತು.

ಲೆಕ್ಕ ಸರಳ. ಅರ್ಧಕ್ಕಿಂತ ಜಾಸ್ತಿ ಮೇಜರ್ ಬಂದರೆ ಅದು ವಿಧಿ. ಕಡಿಮೆ ಬಂದರೆ ನಿಮ್ಮ ಕೈಯಲ್ಲಿದೆ. ಕಪ್ಸ್ ಇಲ್ಲ ಅಂದರೆ ಪ್ರೀತಿಯೇ ಇಲ್ಲ. ಸ್ವೋರ್ಡ್ಸ್ ಬಂದರೆ ಜಗಳ. ಕೇಳಿದವರಿಗೆ 7ಕ್ಕೆ 4, ಅರ್ಧ ದಾಟಿದೆ. ಬೇಜಾರಾಗಬಹುದು, ಆದರೆ ಇರುವುದನ್ನು ಹೇಳಿದೆ.

ಸಾಧನಕೇರಿ
"ಅರ್ಧ" ಅನ್ನುವುದನ್ನು ಎಲ್ಲಿಂದ ತಂದಿರಿ? ಕಟ್ಟಿನಲ್ಲಿ 78 ಎಲೆ, ಅದರಲ್ಲಿ ಮೇಜರ್ 22. ಅಂದರೆ ಏನೂ ವಿಶೇಷ ಇಲ್ಲದಿದ್ದರೂ 7 ಎಲೆಗೆ ಸುಮಾರು 2 ಮೇಜರ್ ಬಂದೇ ಬರುತ್ತವೆ. 10 ಹಾಕಿದರೆ 3ರ ಹತ್ತಿರ. ಜಾಸ್ತಿಯೋ ಕಡಿಮೆಯೋ ಅನ್ನುವುದನ್ನು ಇದರ ಮೇಲಿಂದ ನೋಡಬೇಕು. 7ರಲ್ಲಿ 3 ಬಂದರೆ ಅದು ಮಾಮೂಲಿ. 4 ಅಥವಾ ಅದಕ್ಕಿಂತ ಜಾಸ್ತಿ ಬರುವುದು ಸುಮಾರು 11 ಸಲಕ್ಕೆ ಒಮ್ಮೆ. ಸ್ವಲ್ಪ ಅಪರೂಪ, ಹೌದು. ಬಾಗಿಲು ಮುಚ್ಚಿಕೊಂಡು ಅಳುವಷ್ಟು ಅಪರೂಪ ಅಲ್ಲ.

ಕಪ್ಸ್ ವಿಷಯ ಇನ್ನೂ ಸಲೀಸು. ಒಂದೊಂದು ಸೂಟಿನಲ್ಲಿ 14 ಎಲೆ ಮಾತ್ರ. 7 ಎಲೆ ತೆಗೆದರೆ ನಾಲ್ಕು ಸಲದಲ್ಲಿ ಹೆಚ್ಚುಕಡಿಮೆ ಒಂದು ಸಲ ಕಪ್ಸ್ ಬರುವುದೇ ಇಲ್ಲ. ಅದನ್ನು ಹಿಡಿದು ಒಂದು ಹುಡುಗಿಗೆ "ಪ್ರೀತಿಯೇ ಇಲ್ಲ" ಅಂತ ಹೇಳುವುದು ತಪ್ಪು.

ನನಗೂ ಪೆಟ್ಟು ಬಿದ್ದಿದೆ, ಆದರೆ ಬೇರೆ ಕಡೆಯಿಂದ. ನನ್ನ 10 ಎಲೆಯಲ್ಲಿ ಮೇಜರ್ ಒಂದೇ ಬಂದಿತ್ತು. ಎಲ್ಲಾ ನನ್ನ ಕೈಯಲ್ಲೇ ಇದೆ ಅಂತ ಖುಷಿಪಟ್ಟೆ. ಧಾರವಾಡದಲ್ಲಿ ಮನೆ ನೋಡಿ 60,000 ಅಡ್ವಾನ್ಸ್ ಕೊಟ್ಟೆ, ಎರಡು ಮಂಚ, ಒಂದು ಗೋದ್ರೇಜ್ ಕಪಾಟು ತಂದೆ. ನಾನು ನೋಡದೇ ಬಿಟ್ಟದ್ದು ಏನೆಂದರೆ, ಅದರಲ್ಲಿ 5 ಕೋರ್ಟ್ ಕಾರ್ಡ್ ಇದ್ದವು. ಕಟ್ಟಿನಲ್ಲಿ ಒಟ್ಟು 16 ಇರುತ್ತವೆ, 10ಕ್ಕೆ ಎರಡು ಬರುವುದು ವಾಡಿಕೆ. ಪೇಜ್, ನೈಟ್, ಕ್ವೀನ್, ಕಿಂಗ್ ಅಂದರೆ ಬಹಳ ಸಲ ಮನುಷ್ಯರು. ಹೊರಗಿನವರ ಜಾಗದಲ್ಲಿ ಕಿಂಗ್ ಆಫ್ ಪೆಂಟಕಲ್ಸ್ ಕೂತಿದ್ದ. ನಾನು ಪ್ರೀತಿಸಿದವರ ಅಪ್ಪ ಹೊಲ ಮತ್ತು ಮನೆಯ ಪಾಲಿನ ಮಾತು ತೆಗೆದರು, ಅಲ್ಲಿಗೆ ಎಲ್ಲಾ ನಿಂತಿತು. ವಿಧಿಯ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ. ಬೇರೆಯವರ ಕೈಯಲ್ಲಿತ್ತು. ಅಡ್ವಾನ್ಸಿನಲ್ಲಿ 25,000 ಮುರಿದುಕೊಂಡರು. ಕಪಾಟು ಈಗಲೂ ನನ್ನ ಕೋಣೆಯಲ್ಲಿದೆ.

ಅದಾದ ಮೇಲೆ ನಾನು ಮೂರು ಎಣಿಕೆ ಮಾಡುತ್ತೇನೆ. ಮೇಜರ್ ಎಷ್ಟು, ಕೋರ್ಟ್ ಎಷ್ಟು, ಉಳಿದ ಸಣ್ಣ ಎಲೆ ಎಷ್ಟು. ಆಮೇಲೆ ಮೇಜರ್ ಯಾವ ಜಾಗದಲ್ಲಿ ಬಿದ್ದಿವೆ ಅಂತ ನೋಡುತ್ತೇನೆ. ಹೊರಗಿನವರ ಜಾಗದಲ್ಲಿ ಮೇಜರ್ ಬಿದ್ದರೆ ಹೊಸದೇನು? ಹೊರಗಿನವರು ಯಾವತ್ತೂ ನಮ್ಮ ಕೈಯಲ್ಲಿ ಇರುವುದಿಲ್ಲ. "ನಾನು" ಮತ್ತು "ನಾನು ಮಾಡಬಹುದಾದ್ದು", ಈ ಎರಡು ಜಾಗದಲ್ಲಿ ಏನಿದೆ ಅನ್ನುವುದೇ ಮುಖ್ಯ.

ಶಿಗ್ಗಾವಿ ಅಮ್ಮ
ಎಣಿಕೆ ಅಂದದ್ದಕ್ಕೆ ಹೇಳುತ್ತೇನೆ. ನಮ್ಮ ಮಗಳಿಗೆ 36ಕ್ಕೆ 19 ಗುಣ ಕೂಡಿತ್ತು. 18 ದಾಟಿದರೆ ಸಾಕು ಅಂದರು, ಕಲ್ಯಾಣ ಮಂಟಪಕ್ಕೆ 40,000 ಕೊಟ್ಟೆವು. ಆಮೇಲೆ ಇನ್ನೊಬ್ಬರು ನಾಡಿ ಒಂದೇ ಇದೆ, ಬೇಡ ಅಂದರು. ಗಂಡಿನ ಕಡೆಯವರು ಹಿಂದೆ ಸರಿದರು. ಮಂಟಪದವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಮಗಳು ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ. ನಿಮ್ಮದು ಎಷ್ಟು ಗುಣ ಕೂಡಿದೆ ತಂಗಿ?

ಸಾಧನಕೇರಿ
ಅಮ್ಮಾ, ಇದು ಜಾತಕದ ಮಾತಲ್ಲ, ಟ್ಯಾರೋ ಎಲೆಯದು. ಮಗಳು ಈಗ ಆರಾಮಿದ್ದಾಳೆ ಅಂದುಕೊಳ್ಳುತ್ತೇನೆ.

ಗದಗಿನ ಅಕ್ಕ, ಒಂದು ಕೇಳಲಾ? ಆ ದಿನದ ಕಟ್ಟು ಹಳೆಯದಾ, ಹೊಸದಾ? ಆರು ಮೇಜರ್ ಯಾವುವು, ನೆನಪಿದೆಯಾ?

ಗದಗಿನವಳು
ಮರೆಯಲು ಆಗುತ್ತಾ? ಸ್ಟಾರ್, ಮೂನ್, ಸನ್, ಡೆವಿಲ್, ಹ್ಯಾಂಗ್ಡ್ ಮ್ಯಾನ್, ಜಡ್ಜ್‌ಮೆಂಟ್. ಸ್ಟಾರ್, ಮೂನ್, ಸನ್ ಸಾಲಾಗಿ ಒಂದರ ಹಿಂದೆ ಒಂದು ಬಂದವು. ಅದನ್ನೇ ತೋರಿಸಿ "ನೋಡು, ಆಕಾಶವೇ ಮಾತಾಡುತ್ತಿದೆ" ಅಂದರು. ಕಟ್ಟು ಹೊಸದು. ನನ್ನೆದುರೇ ಪ್ಲಾಸ್ಟಿಕ್ ಹರಿದರು. ನನಗೋಸ್ಕರ ಹೊಸದು ತೆಗೆದರಲ್ಲ ಅಂತ ಆಗ ಸಂತೋಷವಾಗಿತ್ತು.

ಸಾಧನಕೇರಿ
ಹೊಸ ಕಟ್ಟು ಸಾಮಾನ್ಯವಾಗಿ ಸಾಲಾಗಿ ಜೋಡಿಸಿ ಬರುತ್ತದೆ. ಮೇಜರ್ 0ಯಿಂದ 21ರವರೆಗೆ ಒಂದೇ ಕಡೆ, ಆಮೇಲೆ ಸೂಟುಗಳು. ಸ್ಟಾರ್ 17, ಮೂನ್ 18, ಸನ್ 19. ಅವು ಅದೇ ಕ್ರಮದಲ್ಲಿ ಪಕ್ಕಪಕ್ಕ ಬಂದಿವೆ ಅಂದರೆ ಎಲೆ ಸರಿಯಾಗಿ ಕಲೆಸಿಲ್ಲ ಅಂತಲೇ ನನ್ನ ಅನುಮಾನ. ಕೈಯಲ್ಲಿ ಹಿಡಿದು ನಾಲ್ಕು ಸಲ ಮೇಲೆ ಕೆಳಗೆ ಮಾಡಿದರೆ ಆ ಗಂಟು ಬಿಡುವುದಿಲ್ಲ. 10ಕ್ಕೆ 6 ಅಥವಾ ಮೇಲೆ ಬರುವುದು ಚೆನ್ನಾಗಿ ಕಲೆಸಿದ ಕಟ್ಟಿನಲ್ಲಿ ಸುಮಾರು 38 ಸಲಕ್ಕೆ ಒಮ್ಮೆ. ಕಲೆಸದ ಕಟ್ಟಿನಲ್ಲಿ ಆ ಲೆಕ್ಕವೇ ನಿಲ್ಲುವುದಿಲ್ಲ.

ನಾನು ಹೊಸ ಕಟ್ಟು ತಂದರೆ ಚಾಪೆ ಮೇಲೆ ಎಲ್ಲಾ ಬೋರಲು ಹರಡಿ ಎರಡೂ ಕೈಯಿಂದ ಎರಡು ಮೂರು ನಿಮಿಷ ಕಲೆಸುತ್ತೇನೆ. ಆಮೇಲೆ ಒಮ್ಮೆ ಮಗುಚಿ ನೋಡುತ್ತೇನೆ. ಒಂದೇ ಸೂಟಿನ ಮೂರು ನಾಲ್ಕು ಎಲೆ ಅಂಕಿ ಪ್ರಕಾರ ಒಟ್ಟಿಗೆ ಕೂತಿದ್ದರೆ ಮತ್ತೆ ಕಲೆಸುತ್ತೇನೆ.

ಗದಗಿನವಳು
14 ತಿಂಗಳು. ಕಲೆಸದ ಎಲೆಗೆ. ಓದಿ ಕೈ ನಡುಗುತ್ತಿದೆ.

ಏಲಕ್ಕಿ ಹಾವೇರಿ
ಹಾಗಂತ ಎಲ್ಲವನ್ನೂ ಲೆಕ್ಕದ ಮೇಷ್ಟ್ರ ಹಾಗೆ ನೋಡಬೇಡಿ. ಬರಬೇಕಾದ ಎಲೆ ಬಂದೇ ಬರುತ್ತದೆ. ನಾನೂ ಎಂಟು ಸಲ ಮಾತ್ರ ಕಲೆಸಿದ್ದು. ನಿಜ ಆಯಿತಲ್ಲ?

ಸಾಧನಕೇರಿ
ನಿಜ ಆದದ್ದು ನೀವು ನಾಲ್ಕು ಸಲ ಅವರ ಬಾಗಿಲಿಗೆ ಹೋದದ್ದಕ್ಕೆ. ಮೇಜರ್ 3 ಬಂದಿದ್ದರೆ ಬೈಕ್ ತೆಗೆಯುತ್ತಿರಲಿಲ್ಲವಾ? ಅದನ್ನು ಮೊದಲು ಹೇಳಿ.

ಏಲಕ್ಕಿ ಹಾವೇರಿ
ಗೊತ್ತಿಲ್ಲ. ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ. ಆದರೆ ನನ್ನ ಮದುವೆ ವಿಷಯದಲ್ಲಿ ನೀವು ಹೀಗೆ ಮಾತಾಡುವುದು ಸರಿಯಲ್ಲ.

ಸಪ್ತಾಪುರ ರೀಡರ್
ನಾನು ದುಡ್ಡು ತಗೊಂಡೇ ನೋಡುತ್ತೇನೆ, 800 ರೂಪಾಯಿ. ಗದಗಿನ ಅಕ್ಕನಿಗೆ ಆದದ್ದಕ್ಕೆ ಎಲ್ಲಾ ರೀಡರ್‌ಗಳನ್ನು ದೂರಬೇಡಿ. ಹುಡುಗಿ ಪ್ರಶ್ನೆ ಕೇಳಿದರೆ ನಾನು ಮೊದಲೇ ಒಂದು ಕ್ವೀನ್ ತೆಗೆದು ಅವಳ ಎಲೆ ಅಂತ ನಡುವೆ ಇಡುತ್ತೇನೆ. ಆಮೇಲೆ ಎಣಿಕೆ ಸರಿಯಾಗಿ ಬರುತ್ತದೆ. ತಿರುಗಾ, ಅಂದರೆ ತಲೆಕೆಳಗಾಗಿ ಬಿದ್ದ ಮೇಜರ್ ಅನ್ನು ನಾನು ಮೇಜರ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ಬಲ ಹೋಗಿರುತ್ತದೆ. ಕೇಳಿದ ತಂಗಿಯ ಟವರ್ ತಿರುಗಾ ಇತ್ತಾ, ನೆಟ್ಟಗಿತ್ತಾ?

ಸಾಧನಕೇರಿ
ಕ್ವೀನ್ ತೆಗೆದರೆ 77ರಲ್ಲಿ 22 ಮೇಜರ್ ಉಳಿಯುತ್ತವೆ, ಮೇಜರ್ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ಆ ಕ್ವೀನ್ ಬೇರೆ ಹೆಂಗಸಾಗಿ, ಅತ್ತೆಯಾಗಿ ಬರುವ ದಾರಿಯನ್ನು ನೀವೇ ಮುಚ್ಚಿದಿರಿ. ಅದು ಕೋರ್ಟ್ ಎಣಿಕೆಗೆ ಪೆಟ್ಟು. ತಿರುಗಾ ಬಿದ್ದದ್ದನ್ನು ಲೆಕ್ಕದಿಂದ ಬಿಡುವುದಂತೂ ನಾನು ಒಪ್ಪುವುದಿಲ್ಲ. ಬಿಟ್ಟರೆ 22 ಅನ್ನುವ ಅಳತೆಯನ್ನೂ ಅರ್ಧ ಮಾಡಬೇಕು. ಯಾರು ಮಾಡುತ್ತಾರೆ?

ಸಪ್ತಾಪುರ ರೀಡರ್
ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ನಿಮ್ಮಿಂದ ಕಲಿಯುವ ಅಗತ್ಯ ನನಗಿಲ್ಲ.

ನವನಗರ ಹುಡುಗಿ
ಟವರ್ ನೆಟ್ಟಗೇ ಇತ್ತು. ಕೋರ್ಟ್ ಒಂದೂ ಇಲ್ಲ. ಕಟ್ಟು ಹಳೆಯದು, ಎರಡು ವರ್ಷದಿಂದ ಬಳಸುತ್ತಿದ್ದೇನೆ. ಸಾಧನಕೇರಿ ಅಕ್ಕ ಹೇಳಿದ ಎರಡೂ ಜಾಗದಲ್ಲಿ ಸ್ವೋರ್ಡ್ಸ್ ಇದೆ. ಜಗಳ ಅಂತನಾ?

ಸಾಧನಕೇರಿ
1909ರ ರೈಡರ್ ಕಟ್ಟಿನ ಚಿತ್ರವೇ ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಎರಡರಲ್ಲೂ ಹೆಂಗಸಿನ ಕಣ್ಣಿಗೆ ಬಟ್ಟೆ ಕಟ್ಟಿದೆ. ಟು ಆಫ್ ಸ್ವೋರ್ಡ್ಸ್‌ನಲ್ಲಿ ಕತ್ತಿ ಎರಡನ್ನೂ ಅವಳೇ ಹಿಡಿದಿದ್ದಾಳೆ. ಏಟ್‌ನಲ್ಲಿ ಮೈಗೆ ಹಗ್ಗ ಸುತ್ತಿದೆ, ಕಾಲು ಕಟ್ಟಿಲ್ಲ. ಸ್ವೋರ್ಡ್ಸ್ ಅಂದರೆ ಯೋಚನೆ, ಮಾತು. ಮೇಜರ್ ನಾಲ್ಕೂ ನಿನ್ನ ಆಚೆಯ ಜಾಗಗಳಲ್ಲಿ ಬಿದ್ದಿವೆ. ನಿನ್ನ ಎರಡು ಜಾಗದಲ್ಲಿ ಸಣ್ಣ ಎಲೆಗಳೇ ಇವೆ. ಮನೆಯವರು ಒಪ್ಪುತ್ತಾರೋ ಇಲ್ಲವೋ ನಿನ್ನ ಕೈಯಲ್ಲಿಲ್ಲ, ಸಂಪ್ರದಾಯದ ಎಲೆ ಹೈರೋಫೆಂಟ್ ಅಡ್ಡಿಯಲ್ಲಿದೆ. ಹೇಳುವುದೋ ಬಿಡುವುದೋ ನಿನ್ನದೇ ಅಂತ ನಾನು ಓದುತ್ತೇನೆ.

ಏಲಕ್ಕಿ ಹಾವೇರಿ
ಕೊನೆಯಲ್ಲಿ ವೀಲ್ ಆಫ್ ಫಾರ್ಚೂನ್ ಬಂದಿದೆಯಲ್ಲ, ಅದನ್ನು ಯಾಕೆ ನುಂಗಿದಿರಿ? ಅದಕ್ಕಿಂತ ದೊಡ್ಡ ವಿಧಿ ಎಲೆ ಇನ್ನೊಂದಿದೆಯಾ?

ಗದಗಿನವಳು
ತಮ್ಮಾ, ಅವಳನ್ನು ಮತ್ತೆ ಹೆದರಿಸಬೇಡ. ನವನಗರ ತಂಗಿ, ಆ ಹುಡುಗ "ಮನೆಗೆ ಬರಲಾ" ಅಂತ ಎಷ್ಟು ಸಲ ಕೇಳಿದ್ದಾನೆ? ಅದನ್ನು ಎಣಿಸಿದ್ದೀಯಾ?

ನವನಗರ ಹುಡುಗಿ
ಎರಡು ಸಲ.