ರೆಸ್ಯೂಮೆಗೆ ಸಾಫ್ಟ್‌ವೇರ್ 22 ಅಂಕ ಕೊಟ್ಟಿದೆ, ಮ್ಯಾನೇಜರ್‌ಗೆ ಏನಂತ ಬರೆಯಲಿ?

ತೊಗರಿನಾಡು: ಕಲಬುರಗಿಯ ಒಂದು ಬೇಳೆ ಮಿಲ್‌ಗೆ ಎಲೆಕ್ಟ್ರಿಷಿಯನ್ ಹುಡುಕುತ್ತಿದ್ದೇನೆ. 50ಕ್ಕಿಂತ ಕಡಿಮೆ ಅಂಕ ಬಂದ ರೆಸ್ಯೂಮೆಯನ್ನು ಮ್ಯಾನೇಜರ್ ತೆರೆಯುವುದೇ ಇಲ್ಲ. ಸೇಡಂ ಕಡೆಯ ಒಬ್ಬರಿಗೆ 22 ಬಂದಿದೆ. ಐಟಿಐ ಆಗಿದೆ, ವೈರ್‌ಮನ್ ಪರ್ಮಿಟ್ ಇದೆ, ಸಿಮೆಂಟ್ ಕಾರ್ಖಾನೆಯಲ್ಲಿ ಮೋಟರ್, ಪ್ಯಾನೆಲ್ ನೋಡಿಕೊಂಡಿದ್ದಾರೆ. ಸಾಫ್ಟ್‌ವೇರ್ ಮಾತ್ರ ಅನುಭವ ಸೊನ್ನೆ ಅನ್ನುತ್ತಿದೆ. ‘ಒಳ್ಳೆ ಕೆಲಸಗಾರ, ಒಮ್ಮೆ ನೋಡಿ ಸರ್’ ಅಂತ ಬರೆದೆ. ‘ಎಲ್ಲರಿಗೂ ಒಂದೇ ನಿಯಮ’ ಅಂತ ಉತ್ತರ ಬಂತು.

ಬೀದರ್‌ಹುಡುಗ: ನನ್ನದೂ ಇದೇ ಗೋಳು ಅಕ್ಕ. ನಾನು ಫೋಟೋ ಇರುವ ಎರಡು ಕಾಲಂ ಟೆಂಪ್ಲೇಟ್ ಹಾಕಿದ್ದೆ. ಅದನ್ನು ಬಿಡಬೇಕಾ?

ಹಳೇಡಿಟಿಪಿ: ತಮ್ಮಾ, ಅದಕ್ಕೆ ಬೇರೆ ಚರ್ಚೆ ತೆರೆ. ಮೇಡಂ, ಆ ರೆಸ್ಯೂಮೆ ಕನ್ನಡದಲ್ಲಿದೆಯಾ? ಇದನ್ನು ಓಡಿಸಿ ನೋಡಿ:

```
pdftotext resume.pdf -
```

ತೊಗರಿನಾಡು: ಹೌದು, ಹೆಸರು, ವಿಳಾಸ ಇಂಗ್ಲಿಷ್, ಉಳಿದದ್ದು ಕನ್ನಡ. ಹೆಸರು ಸರಿ ಬಂತು. ಅನುಭವ ಅಂತ ಇರೋ ಕಡೆ `C£ÀÄ¨sÀªÀ` ಅಂತ ಬಂದಿದೆ!

ಹಳೇಡಿಟಿಪಿ: ಹಾಗಾದ್ರೆ ಹಳೇ ನುಡಿ ಫಾಂಟ್. ಟೈಪಿಂಗ್ ಸೆಂಟರ್‌ನಲ್ಲಿ ಮಾಡಿಸಿರಬೇಕು. ಕಣ್ಣಿಗೆ ಕನ್ನಡ ಕಾಣುತ್ತೆ, ಫೈಲಿನೊಳಗೆ ಇರೋದು ಇಂಗ್ಲಿಷ್ ಚಿಹ್ನೆಗಳು. ಸಾಫ್ಟ್‌ವೇರ್ ಇವರನ್ನು ಅಳೆದೇ ಇಲ್ಲ, ಅರ್ಜಿಯನ್ನು ಓದಲಾಗದೆ ಬಿಟ್ಟಿದೆ. ಅದನ್ನೇ ಬರೆಯಿರಿ. ಹುಡುಗ ಒಳ್ಳೆಯವನು ಅನ್ನೋ ಮಾತು ಬೇಡ.

ಶಹಾಪುರ_ಟೆಕ್: ಇಷ್ಟಕ್ಕೆ ಪತ್ರ ಯಾಕೆ? ಯೂನಿಕೋಡ್‌ಗೆ ಬದಲಿಸಿ ನೀವೇ ಮತ್ತೆ ಅಪ್ಲೋಡ್ ಮಾಡಿ. ಅಂಕ ತಾನೇ ಏರುತ್ತೆ.

ಹಳೇಡಿಟಿಪಿ: ಬದಲಿಸೋದು ಸರಿ, ಸುಮ್ನೆ ಅಪ್ಲೋಡ್ ಮಾಡೋದು ಸರಿಯಲ್ಲ. ಅದು ಅಭ್ಯರ್ಥಿ ಕೊಟ್ಟ ಫೈಲ್ ಅಲ್ಲ, ನೀವು ತಿದ್ದಿದ್ದು ಅಂತ ನಾಳೆ ಮಾತು ಬರುತ್ತೆ. ಪರಿವರ್ತಕಗಳು ಅರ್ಕಾವತ್ತಿನ ಜಾಗ ತಪ್ಪಿಸೋದೂ ಇದೆ. ಇನ್ನೊಂದು, ಆ ಸಾಫ್ಟ್‌ವೇರ್‌ಗೆ ಕನ್ನಡವೇ ಬರದಿದ್ದರೆ ಯೂನಿಕೋಡ್ ಮಾಡಿದರೂ ಅಂಕ ಏರಲ್ಲ. ಮೂಲ ಫೈಲ್, ಬದಲಿಸಿದ ಪ್ರತಿ ಎರಡನ್ನೂ ಪತ್ರಕ್ಕೆ ಲಗತ್ತಿಸಿ.

ತೊಗರಿನಾಡು: ಹೀಗೆ ಕಳಿಸಿದೆ:

> ಸರ್, ನಾನು ವಿನಾಯಿತಿ ಕೇಳುತ್ತಿಲ್ಲ. ಈ ರೆಸ್ಯೂಮೆಯ ಅನುಭವದ ಭಾಗವನ್ನು ಸಾಫ್ಟ್‌ವೇರ್ ಓದಿಲ್ಲ. ಅದಕ್ಕೆ ಕಂಡ ಅಕ್ಷರಗಳ ಚಿತ್ರ ಜೊತೆಗಿದೆ. ಹಾಗಾಗಿ 22 ಅನ್ನೋದು ಇವರ ಅರ್ಹತೆಯ ಅಂಕವಲ್ಲ. ನೀವು ಕಡ್ಡಾಯ ಅಂದಿರುವುದು ಐಟಿಐ, ಪರ್ಮಿಟ್, ಮೋಟರ್ ಪ್ಯಾನೆಲ್ ಕೆಲಸ. ಮೂರೂ ಎರಡನೇ ಪುಟದಲ್ಲಿವೆ. ಪರ್ಮಿಟ್ ಪ್ರತಿ ತರಿಸಿ ನೋಡಿದ್ದೇನೆ. ಕಾರ್ಖಾನೆಯವರ ಜೊತೆ ಇನ್ನೂ ಮಾತಾಡಿಲ್ಲ. ಒಮ್ಮೆ ನೀವೇ ಓದಿ ತೀರ್ಮಾನಿಸಿ.

ಹಳೇಡಿಟಿಪಿ: ಮಾತಾಡಿಲ್ಲ ಅಂತ ಹೇಳಿದ್ದು ಒಳ್ಳೇದಾಯ್ತು. ಆದರೆ ಅದೇ ಫಾಂಟ್‌ನಲ್ಲಿ ಬಂದ ಬೇರೆ ಅರ್ಜಿಗಳ ಕಥೆ ಏನು? ಇವರೊಬ್ಬರನ್ನೇ ಎತ್ತಿದರೆ ಮ್ಯಾನೇಜರ್ ಹೇಳಿದ ‘ಒಂದೇ ನಿಯಮ’ ಮುರಿದ ಹಾಗೇ ಅಲ್ವಾ?

ತೊಗರಿನಾಡು: ಮ್ಯಾನೇಜರ್ ಇದನ್ನು ಓದ್ತೀನಿ ಅಂದಿದ್ದಾರೆ. ಉಳಿದವನ್ನೂ ಅದೇ ಕಮಾಂಡ್‌ನಲ್ಲಿ ನೋಡುತ್ತಿದ್ದೇನೆ. ಕೆಲವು ಫೈಲ್‌ಗಳಲ್ಲಿ ಅಕ್ಷರವೇ ಬರುತ್ತಿಲ್ಲ, ಪೂರ್ತಿ ಖಾಲಿ.

ಹಳೇಡಿಟಿಪಿ: ಅವು ಸ್ಕ್ಯಾನ್ ಮಾಡಿದ ಚಿತ್ರಗಳು ಇರಬೇಕು. ಅವಕ್ಕೆ ಪರಿವರ್ತಕ ಉಪಯೋಗಕ್ಕೆ ಬರಲ್ಲ, ಕೂತು ಓದಲೇಬೇಕು.