ಕೊನೆಗೆ ಕುಣಿದ ಆ ಹಾಡು ಯಾವುದು? ಹೆಜ್ಜೆ, ತಾಳ ಹಿಡಿದು ಹುಡುಕುವ ಬಗೆ

ಕೇಳಿದವರು, ಕಲಬುರಗಿ: ಎಸ್.ಎಂ. ಪಂಡಿತ ರಂಗಮಂದಿರದಾಗ ಭರತನಾಟ್ಯ ಇತ್ತು. ಕೊನೀ ಐಟಂ ಹೆಸರು ಹೇಳಿದ್ದು ಗದ್ದಲದಾಗ ಕೇಳಿಸಲಿಲ್ಲ. ಮೊಬೈಲ್‌ದಾಗ ಒಂದು ನಿಮಿಷದ ವಿಡಿಯೋ ಅದ. ಕಾಲು ‘ತಕಿಟ ತಕಿಟ ತಕ’ ಅಂತ ಬೀಳ್ತಾವ. ಅದು ವರ್ಣನೋ ತಿಲ್ಲಾನನೋ, ಯಾವ ಹಾಡು ಅಂತ ಹೆಂಗ ಹುಡುಕಬೇಕ್ರೀ?

ನೃತ್ಯ ಕಲಿಯುವವರು, ಕಲಬುರಗಿ: ತಕಿಟ ಅಂದ್ರ ಮೂರು, ಅಂದ್ರ ತಿಶ್ರ. ತಿಶ್ರ ಇತ್ತಂದ್ರ ತಾಳ ರೂಪಕ ಇರ್ತದ. ರೂಪಕದಾಗ ‘ಮೋಹಮಾನ’ ಭೈರವಿ ವರ್ಣ ಬಹಳ ಮಂದಿ ಮಾಡ್ತಾರ. ಯೂಟ್ಯೂಬ್‌ದಾಗ ಅದನ್ನ ಹಚ್ಚಿ ನೋಡ್ರಿ, ಅದೇ ಇರಬಹುದು.

ನಟುವಾಂಗ ಮಾಡುವವರು, ಬೀದರ್: ಮೋಹಮಾನ ರೂಪಕದಲ್ಲಿರೋದು ಖರೆ, ಆದರೆ ಇಲ್ಲಿಗೆ ಅದು ಕೂಡೋದಿಲ್ಲ. ಕೊನೆಯ ಐಟಂ ಅಂದಮೇಲೆ ವರ್ಣದ ಸಾಧ್ಯತೆ ಬಹಳ ಕಡಿಮೆ. ವರ್ಣ ಅರ್ಧ ಗಂಟೆ, ಅದಕ್ಕೂ ಮಿಕ್ಕಿ ನಡೆಯುತ್ತದೆ. ಕಾರ್ಯಕ್ರಮದ ನಡುವೆ, ಕಲಾವಿದೆಗೆ ಇನ್ನೂ ಕಸುವು ಇರುವಾಗಲೇ ಅದನ್ನು ಇಡುತ್ತಾರೆ. ಕೊನೆಗೆ ತಿಲ್ಲಾನ, ಆಮೇಲೆ ಮಂಗಳ.

ಇನ್ನು ಎಣಿಕೆಗೆ ಬರೋಣ. ‘ತಕಿಟ ತಕಿಟ ತಕ’ ಅಂದರೆ ಮೂರು, ಮೂರು, ಎರಡು. ಕೂಡಿ ಎಂಟು ಮಾತ್ರೆ. ಇದು ತಿಶ್ರ ನಡೆಯಲ್ಲ. ಚತುರಶ್ರದ ಎಂಟನ್ನೇ ಒಡೆದು ಹಂಚಿದ್ದು. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ, ಎಣಿಕೆಗೆ ನಾಲ್ಕು ಮಾತ್ರೆ, ಒಟ್ಟು 32. ಅದರಲ್ಲಿ ಈ ಎಂಟರ ತುಂಡು ಸರಿಯಾಗಿ ನಾಲ್ಕು ಸಲ ಕೂರುತ್ತದೆ. ಆದರೆ ಇಷ್ಟರ ಮೇಲೇ ಆದಿ ಅಂತ ತೀರ್ಮಾನಿಸಬೇಡಿ. ರೂಪಕದ ಎರಡು ಆವರ್ತ ಸೇರಿದರೆ 24 ಮಾತ್ರೆ, ಅಲ್ಲೂ ಇದೇ ತುಂಡು ಮೂರು ಸಲ ಕೂರುತ್ತದೆ. ಹೆಜ್ಜೆಯೊಂದರಿಂದ ಇವೆರಡನ್ನು ಬೇರ್ಪಡಿಸಲು ಬರೋದಿಲ್ಲ.

ಬೇರ್ಪಡಿಸೋದು ಹಾಡಿನ ಸಾಲು. ವಿಡಿಯೋದ ವೇಗ ಅರ್ಧಕ್ಕೆ ಇಳಿಸಿ. ಒಂದೇ ಅಡವನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮಾಡುವ ನಡುವಿನ ಜಾಗ ಹಿಡಿಯಿರಿ. ಅಲ್ಲಿ ಗಾಯಕರು ಅದೇ ಸಾಲನ್ನು ತಿರುಗಿ ಎತ್ತುವವರೆಗೆ ಎಷ್ಟು ‘ತಕಿಟ ತಕಿಟ ತಕ’ ಆಗುತ್ತವೆ ಎಣಿಸಿ. ನಾಲ್ಕಾದರೆ, ಎಂಟಾದರೆ ಆದಿ. ಮೂರಾದರೆ, ಆರಾದರೆ ರೂಪಕ. ಕೊನೆಯ ಮುಕ್ತಾಯದಲ್ಲಿ ಮಾತ್ರ ಎಣಿಸಬೇಡಿ. ಅಲ್ಲಿ ಐದು, ಆರು, ಏಳು ಅಂತ ಬೇಕೆಂದೇ ಏರಿಸಿಯೋ ಇಳಿಸಿಯೋ ಮೂರು ಸಲ ಹೇಳಿ ಸಮಕ್ಕೆ ತಂದು ಬಿಡುತ್ತಾರೆ, ಲೆಕ್ಕ ತಪ್ಪುತ್ತದೆ.

ಹೊಸಬರು ಎಡವುವ ಇನ್ನೊಂದು ಜಾಗ ನಟುವಾಂಗದ ಕಂಚಿನ ತಾಳ. ಅದು ಹೆಸರಿಗೆ ತಾಳವೇ ಆದರೂ ತಾಳದ ಎಣಿಕೆ ಹಾಕೋದಿಲ್ಲ, ಕಾಲಿನ ಸೊಲ್ಲಿಗೆ ಹೊಂದಿ ಬಾರಿಸುತ್ತದೆ. ಅದನ್ನು ನಂಬಿ ಎಣಿಸಿದರೆ ಹೆಜ್ಜೆಯನ್ನೇ ಎರಡನೇ ಸಲ ಎಣಿಸಿದಂತಾಯಿತು. ನೋಡಬೇಕಾದದ್ದು ಪಕ್ಕದಲ್ಲಿ ಕೂತ ಗಾಯಕರ ತೊಡೆಯ ಮೇಲಿನ ಕೈ: ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಹುಸಿ ಎರಡು ಸಲ ಬಂದರೆ ಆದಿ.

ಜತಿಯ ಬೋಲು ಬರೆದುಕೊಂಡು ಹುಡುಕಿದರೂ ಹಾಡು ಸಿಗೋದಿಲ್ಲ. ಜತಿ, ಅಡವಿನ ಜೋಡಣೆ ಆಯಾ ಗುರುಗಳದ್ದು. ಒಂದೇ ತಿಲ್ಲಾನ ನಾಲ್ಕು ಶಾಲೆಗಳಲ್ಲಿ ನಾಲ್ಕು ಥರ. ರಚನೆಕಾರರಿಂದ ಬಂದದ್ದು ರಾಗ, ತಾಳ, ಸಾಲು ಎತ್ತುವ ಜಾಗ, ಸಾಹಿತ್ಯ. ಹೆಜ್ಜೆ ನೋಡಿ ತಾಳ ತಿಳಿಯಬೇಕು, ಹಾಡಿನ ಯಾವ ಭಾಗ ನಡೆದಿದೆ ಅಂತ ತಿಳಿಯಬೇಕು, ಅಷ್ಟೇ.

ತಬಲಾ ನುಡಿಸುವವರು, ಕಲಬುರಗಿ: ತಿಲ್ಲಾನ ಅಂದ್ರ ನಮ್ಮ ತರಾನಾನೇ ಅಲ್ರೀ? ಹಂಗಿದ್ರ ತೀನ್‌ತಾಲ್ ಹದಿನಾರು ಎಣಿಸಿದ್ರ ಆಯ್ತು. ರಾಗ ಯಾವ್ದನಿಸ್ತದ ಹೇಳ್ರಿ, ಈ ಭಾಗದಾಗ ಹಿಂದೂಸ್ತಾನಿ ಕೇಳಿದ ಕಿವಿ ಜಾಸ್ತಿ, ಯಾರಾರ ಹಿಡೀತಾರ.

ಕೇಳಿದವರು: ಎಣಿಸಿದೆ. ನಾಲ್ಕು ಸಲಕ್ಕ ಸಾಲು ತಿರುಗಿ ಬರ್ತದ. ಮೊದಲಿಗೆ ನಿಂತಲ್ಲೇ ಕಣ್ಣು, ಕತ್ತು ಅಷ್ಟೇ ಆಡಿಸಿದ್ರು. ಮನಿಯೊಳಗ ಅಪ್ಪಾಜಿಗೆ ಕೇಳಿಸಿದ್ರ ಭೀಮಪಲಾಸ್ ಇದ್ದಂಗ ಅದ ಅಂದ್ರು. ಮಾತು ಸ್ಪಷ್ಟ ಇಲ್ಲ, ‘ಧೀಂ’ ಆದಮ್ಯಾಲ ‘ನಾಚತ’ ಅಂದಂಗ ಕೇಳ್ತದ.

ನಟುವಾಂಗ ಮಾಡುವವರು, ಬೀದರ್: ಇನ್ನೇನು ಸಿಕ್ಕಂಗೇ. ನಿಂತಲ್ಲಿ ಕಣ್ಣು, ಕತ್ತು ಆಡಿಸಿದ್ದು ತಿಲ್ಲಾನದ ಶುರುವಿನ ಗುರುತು. ಸಾಹಿತ್ಯ ಹಿಂದಿಯ ಕಡೆಯದು, ಆದಿತಾಳ, ಭೀಮಪಲಾಸಿಯ ನೆರಳು: ಮೂರೂ ಸೇರಿದರೆ ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನ, ‘ಗೀತ ಧುನಿಕು ತಕ ಧೀಂ’ ನೆನಪಾಗುತ್ತದೆ. ಧನಾಶ್ರೀ ಕೇಳಿದವರಿಗೆ ಭೀಮಪಲಾಸಿ ಅನಿಸೋದು ಸಹಜ. ಬಹುತೇಕ ತಿಲ್ಲಾನಗಳಲ್ಲಿ ಮೊದಲು ಬರೀ ಸೊಲ್ಲು, ಮಾತು ಕೊನೆಯಲ್ಲಿ. ಇದರಲ್ಲಿ ಮಾತು ಪಲ್ಲವಿಯಲ್ಲೇ ಬರುತ್ತದೆ, ಹಾಗಾಗಿ ವಿಡಿಯೋ ಯಾವ ತುಂಡಿನದಾದರೂ ಸುಳಿವು ಸಿಗುತ್ತದೆ. ಅವರ ಅಂಕಿತ ಪದ್ಮನಾಭ. ಕೈ ಅಭಿನಯಕ್ಕೆ ತಿರುಗುವ ಕೊನೆಯ ಸಾಲಿನಲ್ಲಿ ‘ನಾಭ’ ಅನ್ನುವಷ್ಟಾದರೂ ಕೇಳುತ್ತದೋ ನೋಡಿ. ಯೂಟ್ಯೂಬ್‌ನಲ್ಲಿ ಹುಡುಕುವಾಗ ನೃತ್ಯದ ವಿಡಿಯೋ ಬೇಡ, ಬರೀ ಗಾಯನ ಹಚ್ಚಿ. ಬೇರೆ ಹೆಜ್ಜೆ ಕಂಡು ‘ಇದಲ್ಲ’ ಅನಿಸಿಬಿಡುತ್ತದೆ.

ತಬಲಾದವರಿಗೆ: ಹದಿನಾರು ಎಣಿಸಿದರೂ ಲೆಕ್ಕ ಕೂಡುತ್ತದೆ, ಎಣಿಕೆಗೆ ಎರಡಾಯಿತು ಅಷ್ಟೇ. ಆದರೆ ಮೃದಂಗದಲ್ಲಿ ಖಾಲಿ ಹುಡುಕಬೇಡಿ, ಠೇಕಾ ಇರೋದಿಲ್ಲ. ಸಮ ಎಲ್ಲಿ ಅಂತ ಕೈ ನೋಡಿಯೇ ಹಿಡಿಯಬೇಕು.

ತಾಯಿಯೊಬ್ಬರು, ಯಾದಗಿರಿ: ನಂದೂ ಒಂದು ಅದರೀ. ಮಗಳ ಕ್ಲಾಸಿನ ವಾರ್ಷಿಕೋತ್ಸವದಾಗ ದೊಡ್ಡ ಹುಡುಗಿ ವರ್ಣ ಮಾಡಿದ್ಲು. ಎಣಿಸಿದ್ರ ಹದಿನಾಲ್ಕು ಬರ್ತದ. ಅದು ಅಟತಾಳ, ‘ವಿರಿಬೋಣಿ’ ಇರಬೇಕು ಅಂತ ಒಬ್ರು ಹೇಳಿದ್ರು. ಹೌದೇನ್ರೀ?

ನಟುವಾಂಗ ಮಾಡುವವರು, ಬೀದರ್: ವಿರಿಬೋಣಿ ಭೈರವಿ, ಅಟತಾಳ ಅನ್ನೋದು ಸರಿ ಅಕ್ಕಾ. ಅದು ತಾನವರ್ಣ, ಕಛೇರಿಯಲ್ಲಿ ಹಾಡೋದೇ ಹೆಚ್ಚು. ಕುಣಿಯಲು ಆರಿಸೋದು ಪದವರ್ಣ. ಹದಿನಾಲ್ಕನ್ನು ಒಡೆದು ನೋಡಿ. ಐದು, ಐದು, ಎರಡು, ಎರಡು ಅಂತ ಕೈ ಹೋದರೆ ಅಟ. ಮೂರು-ನಾಲ್ಕು, ಮೂರು-ನಾಲ್ಕು ಅಂತ ಹೋದರೆ ಮಿಶ್ರಛಾಪು, ಎರಡು ಆವರ್ತ ಸೇರಿಸಿ ಎಣಿಸಿದ್ದೀರಿ ಅಂತ. ಇನ್ನೊಂದು, ಮುಕ್ತಾಯಿ ಸ್ವರದ ಜಾಗ ಕೇಳಿಸಿಕೊಳ್ಳಿ. ಮೊದಲು ಸರಿಗಮ ಹಾಡಿದಾಗ ಬರೀ ಅಡವು, ಅದೇ ಮಟ್ಟಿಗೆ ಮಾತು ಹಾಡಿದಾಗ ಕೈ ಮುಖದ ಅಭಿನಯ ಬಂತೆಂದರೆ ಪದವರ್ಣ. ಆ ಮಾತೇ ಹುಡುಕಲು ಒಳ್ಳೆಯ ಹಿಡಿ. ಯಾಕಂದರೆ ಪಲ್ಲವಿಯ ಸಾಲನ್ನು ಹತ್ತು ಬಗೆ ಸಂಗತಿ ಹಾಕಿ ಎಳೆದು ಹಾಡುತ್ತಾರೆ, ಅಕ್ಷರ ಬಿಡಿಬಿಡಿಯಾಗುತ್ತದೆ. ಇಲ್ಲಿ ಸ್ವರಕ್ಕೊಂದು ಅಕ್ಷರದಂತೆ ಬರುತ್ತದೆ.

ನೃತ್ಯ ಕಲಿಯುವವರು, ಕಲಬುರಗಿ: ಹಂಗಾದ್ರ ಖರೇ ತಿಶ್ರ ನಡೆ ಅಂತ ಗೊತ್ತಾಗೋದು ಹೆಂಗ ಸರ್? ಕೈ ಎಣಿಕೆ ಕಾಣದ ವಿಡಿಯೋದಾಗ?

ನಟುವಾಂಗ ಮಾಡುವವರು, ಬೀದರ್: ಕೈ ಕಂಡರೆ ಸುಲಭ: ಎರಡು ಎಣಿಕೆಯ ನಡುವೆ ಮೂರೋ ಆರೋ ಸಮಾನ ಪೆಟ್ಟು ಬಿದ್ದರೆ ತಿಶ್ರ, ನಾಲ್ಕೋ ಎಂಟೋ ಬಿದ್ದರೆ ಚತುರಶ್ರ. ಕೈ ಕಾಣದಿದ್ದರೆ ತಕಿಟ ಎಲ್ಲೂ ‘ತಕ’ಕ್ಕೆ ಮುರಿಯದೆ ಇಡೀ ಸಾಲು ಓಡುತ್ತದೋ ನೋಡಬೇಕು. ಆದರೂ ತಾಳ ಚತುರಶ್ರದಲ್ಲೇ ಇದ್ದು ಕಾಲು ಮಾತ್ರ ಸ್ವಲ್ಪ ಹೊತ್ತು ತಿಶ್ರಕ್ಕೆ ಹೊರಳುವ ಜಾಗಗಳಿರುತ್ತವೆ. ಒಂದು ನಿಮಿಷದ ತುಂಡಿನಲ್ಲಿ ಅದನ್ನು ಖಚಿತ ಹೇಳೋದು ಕಷ್ಟ.

ತಾಯಿಯೊಬ್ಬರು, ಯಾದಗಿರಿ: ಮೂರು-ನಾಲ್ಕು ಅನಿಸ್ತದರೀ, ಆದ್ರ ನಡುವೆ ಒಂದು ಕಡೆ ಐದೂ ಕೇಳ್ತದ. ವಿಡಿಯೋ ಅವರ ತಂದಿ ಹತ್ರ ಅದ, ಪೂರ್ತಿ ತರಿಸಿಕೊಂಡು ಮತ್ತ ಎಣಿಸಿ ಹೇಳ್ತೀನಿ.